ಹದಿನಾಲ್ಕು ರಾಜೀನಾಮೆಗಳ ಒಕ್ಕಣೆ

ತೆಲುಗು ನಾಡಿನ ಬಾಲಾನಗರದ ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ಯಾರಿಗೆ ರಜೆ ಬೇಕಾಗಲಿ, ಯಾರಿಗೆ ಪಿಎಫ್ ಸಾಲ ಬೇಕಾಗಲಿ, ಅರ್ಜಿ ಬರೆದುಕೊಡುತ್ತಿದ್ದವರು ಖರೀದಿ ವಿಭಾಗದ ವಾಸುದೇವರಾಯರು. ಅವರ ಇಂಗ್ಲಿಷಿನಲ್ಲಿ ಬರೀ ಅನ್ನ-ಸಾರು ಇರುತ್ತಿರಲಿಲ್ಲ, ಪ್ರತಿ ಸಾಲಿಗೂ ಒಗ್ಗರಣೆ. ಆ ಬಗ್ಗೆ ಅವರಿಗೆ ಕೊಂಚ ಜಂಬವೂ ಇತ್ತು. ಇದ್ದರೇನು ತಪ್ಪು, ಮನುಷ್ಯನಿಗೆ ಏನಾದರೊಂದು ಬೇಕಲ್ಲ. ಆದರೆ ಆ ಶುಕ್ರವಾರ ಮಧ್ಯಾಹ್ನ ಮಗಳ ಕಾಲೇಜಿನ ಲೆಕ್ಕಪತ್ರ ವಿಭಾಗದಲ್ಲಿ ಅವರು ಸ್ವಂತ ಅರ್ಜಿ ಹಿಡಿದು ಕುಳಿತಿದ್ದರು.

ಮೂರನೇ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದ ಶರ್ವರಿ ಪಕ್ಕದಲ್ಲಿದ್ದಳು. ಪರೀಕ್ಷೆಗೆ ಹೆಸರು ಕೊಡಲು ಅಂದೇ ಕಡೆಯ ದಿನ. ವರ್ಷದ ಫೀ ಬಾಕಿ ಇದ್ದವರ ಅರ್ಜಿಯನ್ನು ಕಾಲೇಜು ತೆಗೆದುಕೊಳ್ಳುತ್ತಿರಲಿಲ್ಲ. ಪ್ರತಿ ವರ್ಷ ದಸರೆಯ ಬೋನಸ್ಸಿನಲ್ಲಿ ಫೀ ಕಟ್ಟುವುದು ಅವರ ಮನೆಯ ರೂಢಿ. ಈ ವರ್ಷ ದಸರೆ ಬಂತು, ಬೋನಸ್ ಬರಲಿಲ್ಲ. ಸೆಪ್ಟೆಂಬರ್ ಹನ್ನೆರಡಕ್ಕೇ ನೌಕರಿ ಹೋಗಿತ್ತು.

ಫೀ ಅರ್ಜಿಗಳನ್ನು ನೋಡುತ್ತಿದ್ದ ವನಜಾ ಮೇಡಂ ಕಾಗದಗಳನ್ನು ಒಂದೊಂದಾಗಿ ತಿರುವಿದರು. ಫೀಗೆ ರಿಯಾಯಿತಿ, ಇಲ್ಲವೇ ಕಂತು ಕೇಳಿ ಪ್ರಿನ್ಸಿಪಾಲರಿಗೆ ಬರೆದ ಪತ್ರ, ಅದರ ಕೆಳಗೆ ತಂದೆಯ ಮತ್ತು ಮಗಳ ಸಹಿ, ವಿಭಾಗದ ಮುಖ್ಯಸ್ಥರ ಶಿಫಾರಸು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕೊನೆಗೆ ಕಾರ್ಖಾನೆ ಕೊಟ್ಟ ಬಿಡುಗಡೆ ಪತ್ರ, ಅದಕ್ಕೆ ಪಿನ್ ಮಾಡಿದ ರಾಜೀನಾಮೆಯ ಪ್ರತಿ. ಅಲ್ಲಿ ಅವರ ಬೆರಳು ನಿಂತಿತು.

"ಇದರಲ್ಲಿ ನೀವೇ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದೀರಿ ಅಂತಿದೆಯಲ್ಲ?" ಎಂದು ತೆಲುಗಿನಲ್ಲಿ ಕೇಳಿದರು.

"ಅದು ಮೇಡಂ, ಬರೆಯುವ ರೀತಿ ಹಾಗೆ," ಎಂದು ವಾಸುದೇವರಾಯರೂ ತೆಲುಗಿನಲ್ಲೇ ತಡವರಿಸಿದರು.

"ಸಂಪಾದಿಸುವವರು ತೀರಿಕೊಂಡರೆ, ಕಾಯಿಲೆ ಬಿದ್ದರೆ, ಕೆಲಸದಿಂದ ತೆಗೆದುಹಾಕಿದರೆ ಕಂತು ಕೊಡಬಹುದು. ತಾವಾಗಿ ಬಿಟ್ಟವರಿಗೆ ನಿಯಮದಲ್ಲಿ ಜಾಗವಿಲ್ಲ." ಇಷ್ಟು ಹೇಳಿ ಆಕೆ ಮತ್ತೊಮ್ಮೆ ರಾಜೀನಾಮೆಯನ್ನು ಓದಿದರು. ಹುಬ್ಬು ಗಂಟಿಕ್ಕಿತು. "ಇದೇ ಕಾರ್ಖಾನೆ, ಇದೇ ತಾರೀಖು, ಇವೇ ಮಾತುಗಳು. ಹೋದ ವಾರವೂ ಒಂದು ಬಂದಿತ್ತು, ತಿರಸ್ಕರಿಸಿದ್ದೇವೆ. ಇಬ್ಬರಿಗೆ ಒಂದೇ ದಿನ ಒಂದೇ ವೈಯಕ್ತಿಕ ಕಾರಣ ಬಂದುಬಿಟ್ಟಿತೇ? ಇದನ್ನು ಯಾವ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ?"

ವಾಸುದೇವರಾಯರಿಗೆ ಥಟ್ಟನೆ ಹೊಳೆಯಿತು. ಹೋದ ವಾರ ಬಂದವನು ಯಾರೆಂದು ಆಕೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಲೇಥ್ ಮೇಲೆ ಕೆಲಸ ಮಾಡುತ್ತಿದ್ದ ಯಾದಗಿರಿ ಕಡೆಯ ಹನುಮಂತನ ಮಗನೂ ಇದೇ ಕಾಲೇಜಿನಲ್ಲಿದ್ದ. ಕಾಲೇಜು ಚೆನ್ನಾಗಿದೆ ಎಂದು ಸೇರಿಸಿದ್ದೂ ರಾಯರೇ.

ಸೆಪ್ಟೆಂಬರ್ ಹನ್ನೆರಡರಂದು ಹದಿನಾಲ್ಕು ಜನರನ್ನು ಒಂದು ಕೋಣೆಗೆ ಕರೆದು ಮ್ಯಾನೇಜರ್ ಹೇಳಿದ್ದಿಷ್ಟು: ಸಂಜೆ ಐದರೊಳಗೆ ರಾಜೀನಾಮೆ ಬರೆದುಕೊಟ್ಟವರಿಗೆ ಎರಡು ತಿಂಗಳ ಹೆಚ್ಚಿನ ಸಂಬಳ, ಬರೆಯದವರ ಕಾಗದದ ಮೇಲೆ ‘ತೆಗೆದುಹಾಕಲಾಗಿದೆ’ ಎಂಬ ಮುದ್ರೆ. ಆಮೇಲೆ ರಾಯರ ಕಡೆ ತಿರುಗಿ, ನಿಮ್ಮ ಡ್ರಾಫ್ಟಿಂಗ್ ಚೆನ್ನಾಗಿರುತ್ತದೆ, ಎಲ್ಲರಿಗೂ ನೀವೇ ಬರೆದುಕೊಡಿ ಎಂದ. ನಗಬೇಡಿ, ನೌಕರಿ ಹೋಗುತ್ತಿದ್ದ ಆ ಗಳಿಗೆಯಲ್ಲೂ ಆ ಹೊಗಳಿಕೆ ರಾಯರಿಗೆ ಹಿತವಾಗಿತ್ತು. ವೈಯಕ್ತಿಕ ಕಾರಣಗಳಿಂದ, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಸಂತೋಷದಿಂದ, ಸಂಸ್ಥೆಗೆ ಚಿರಋಣಿಯಾಗಿ ಎಂದೆಲ್ಲ ಒಗ್ಗರಣೆ ಹಾಕಿ ಬರೆದರು. ಹದಿನಾಲ್ಕು ಜನ ಸಹಿ ಹಾಕಿದರು.

"ನಾನು ಇದನ್ನು ಒಳಗೆ ಕಳಿಸಿದರೆ ನಕಲಿ ಕಾಗದ ಅನ್ನುತ್ತಾರೆ," ಎಂದರು ವನಜಾ. "ಪ್ರಿನ್ಸಿಪಾಲರು ನಾಲ್ಕಕ್ಕೆ ಹೊರಡುತ್ತಾರೆ. ಹೇಳುವುದಿದ್ದರೆ ಹೇಳಿ."

ಗೋಡೆಯ ಗಡಿಯಾರದಲ್ಲಿ ಎರಡೂಮುಕ್ಕಾಲು. ರಾಯರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನಿಜ ಹೇಳಿದರೆ ಇಪ್ಪತ್ತೊಂದು ವರ್ಷದ ಮರ್ಯಾದೆ ಮಗಳ ಎದುರಿಗೇ ಮಣ್ಣುಪಾಲು. ಕಂಪನಿಯ ಕಿವಿಗೆ ಬಿದ್ದರೆ ಜನವರಿಯಲ್ಲಿ ಬರಬೇಕಾದ ಲೆಕ್ಕದ ಉಳಿದ ಹಣವೂ ಕೈತಪ್ಪಬಹುದು. ಹೇಳದಿದ್ದರೆ ಮಗಳ ಪರೀಕ್ಷೆ. ಅತ್ತ ದರಿ ಇತ್ತ ಪುಲಿ.

ಶರ್ವರಿ ರಾಜೀನಾಮೆಯನ್ನು ಎಳೆದುಕೊಂಡು ಓದಿದಳು. ಸಣ್ಣವಳಿದ್ದಾಗ ಶಾಲೆಗೆ ರಜಾ ಚೀಟಿ ಬರೆಸಿಕೊಂಡು ಹೋದವಳು ಅವಳು, ಒಕ್ಕಣೆಯ ಗುರುತು ಸಿಗದೇ ಇರುತ್ತದೆಯೇ.

"ಅಪ್ಪಾ, ಇದನ್ನ ಎಲ್ಲಾರಿಗೂ ನೀವ ಬರದು ಕೊಟ್ರೇನು?" ಎಂದು ಮೆಲ್ಲಗೆ ಕೇಳಿದಳು.

"ಹೂಂ ವಾ. ನಾನ ಬರದೆ."

"ಹಂಗಂದ್ರ ಅದನ್ನ ಹೇಳ್ರಿ. ನನ್ನ ಮಾರಿ ನೋಡಬ್ಯಾಡ್ರಿ, ಮೇಡಂಗ ಹೇಳ್ರಿ."

ರಾಯರು ಹೇಳಿದರು. ಆ ಕೋಣೆಯಿಂದ ಹಿಡಿದು ಹದಿನಾಲ್ಕು ಸಹಿಗಳವರೆಗೆ ಒಂದನ್ನೂ ಬಿಡಲಿಲ್ಲ. ವನಜಾ ನಡುವೆ ಬಾಯಿ ಹಾಕದೆ ಕೇಳಿ, ಒಂದು ಬಿಳಿ ಹಾಳೆ ಮುಂದಿಟ್ಟರು. "ಈಗ ಹೇಳಿದ್ದನ್ನೇ ಬರೆದುಕೊಡಿ, ಹೇಳಿದ ಹಾಗೆಯೇ. ಇದು ಕಡತದಲ್ಲಿ ಉಳಿಯುತ್ತದೆ, ಆಮೇಲೆ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ."

ರಾಯರು ಅಭ್ಯಾಸಬಲದಿಂದ ‘ತಮ್ಮ ಘನತೆವೆತ್ತ ಸಂಸ್ಥೆಯ’ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದರು. ಶರ್ವರಿ ಹಾಳೆಯ ಮೇಲೆ ಕೈ ಇಟ್ಟಳು. ಅವರು ಅದನ್ನು ಹೊಡೆದುಹಾಕಿ ಬರೆದರು: ‘ನಾನು ಕೆಲಸ ಬಿಡಲಿಲ್ಲ. ಹದಿನಾಲ್ಕು ಜನರನ್ನು ತೆಗೆದರು. ರಾಜೀನಾಮೆ ಕೇಳಿದವರು ಅವರು, ಮಾತುಗಳು ನನ್ನವು. ಎಲ್ಲರಿಗೂ ನಾನೇ ಬರೆದುಕೊಟ್ಟೆ. ಫೀ ಕಟ್ಟುತ್ತೇನೆ, ಒಂದೇ ಸಲಕ್ಕೆ ಕಟ್ಟಲು ಆಗುವುದಿಲ್ಲ.’ ಇಷ್ಟು ಸಣ್ಣ ಪತ್ರವನ್ನು ಅವರು ಜನ್ಮದಲ್ಲಿ ಬರೆದಿರಲಿಲ್ಲ.

ಒಳಗಿನ ಕೋಣೆಯಲ್ಲಿ ಅವರನ್ನು ಕೂರಿಸಿಕೊಂಡು ಪ್ರಿನ್ಸಿಪಾಲ್ ಅರವಿಂದ್ ಆ ಹಾಳೆಯನ್ನು ಎರಡು ಸಲ ಓದಿದರು. ಹೋದ ವಾರದ ಕಡತವನ್ನೂ ತರಿಸಿ ಎರಡು ರಾಜೀನಾಮೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು.

"ರಿಯಾಯಿತಿ ನನ್ನ ಕೈಯಲ್ಲಿಲ್ಲ, ಆಡಳಿತ ಮಂಡಳಿಗೆ ಕಳಿಸುತ್ತೇನೆ, ಭರವಸೆ ಕೊಡಲಾರೆ. ಕಂತು ಕೊಡಬಲ್ಲೆ. ಮೂರು ಕಂತು. ಮೊದಲನೆಯದು ಇವತ್ತೇ, ಉಳಿದೆರಡಕ್ಕೆ ಮುಂದಿನ ತಾರೀಖಿನ ಚೆಕ್. ಚೆಕ್ ವಾಪಸ್ ಬಂದರೆ ಹಾಲ್ ಟಿಕೆಟ್ ತಡೆಯುತ್ತೇವೆ."

ರಾಯರು ಕೈ ಮುಗಿದರು, ಆದರೆ ಏಳಲಿಲ್ಲ. "ಸರ್, ಆ ಇನ್ನೊಬ್ಬನದು?"

"ನೀವು ಬರೆದದ್ದು ಅವರಿಗೂ ಸಲ್ಲುತ್ತದೆ. ಆದರೆ ಅವರ ಹೇಳಿಕೆಗೆ ಅವರೇ ಸಹಿ ಹಾಕಬೇಕು. ನಾಲ್ಕರೊಳಗೆ ಬಂದರೆ ನೋಡುತ್ತೇನೆ."

ಮೊದಲ ಕಂತು ಕಟ್ಟಿ, ಚೆಕ್ ಬರೆದುಕೊಟ್ಟು ಹೊರಗೆ ಬಂದಾಗ ಮೂರೂಕಾಲು. ಹನುಮಂತ ಈಗ ಬೇಗಂ ಬಜಾರಿನಲ್ಲಿ ಮಾಲು ಸಾಗಿಸುವ ಟ್ರಾಲಿ ಆಟೋ ಓಡಿಸುತ್ತಿದ್ದ. ಮೂರನೇ ಸಲಕ್ಕೆ ಫೋನ್ ಎತ್ತಿದ.

"ಹನುಮಂತ, ಇದ್ದಲ್ಲಿಂದ ಕಾಲೇಜಿಗೆ ಬಾ. ನಿನ್ನ ಮಗನ ಫೈಲು ಮತ್ತ ತಗದಾರ. ನಾ ಒಂದು ಕಾಗದ ಬರದ ಇಟ್ಟಿರ್ತೀನಿ, ನೀ ಬಂದು ಸಹಿ ಮಾಡಿದ್ರ ಸಾಕು."

ಆ ಕಡೆ ಬಜಾರಿನ ಹಾರ್ನುಗಳು. ಅವುಗಳ ನಡುವೆ ಹನುಮಂತ ನಿಧಾನವಾಗಿ ಹೇಳಿದ, "ಸಾಹೇಬ್ರ, ಹೋದ ಸಲ ನೀವು ಬರದೀರಿ ಅಂತ ಓದದ ಸಹಿ ಮಾಡಿದೆ. ಈ ಸಲ ಮೊದಲ ಕನ್ನಡದಾಗ ಓದಿ ಹೇಳ್ರಿ. ಆಮ್ಯಾಲೆ ಗಾಡಿ ತಿರುಗಸ್ತೀನಿ."

ರಾಯರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಕಾರಿಡಾರಿನ ಮೆಟ್ಟಿಲ ಮೇಲೆ ಕುಳಿತು ಮಗಳ ಕೈಯಿಂದ ಹಾಳೆ, ಪೆನ್ನು ತೆಗೆದುಕೊಂಡರು.

"ಬರಕೋತ ಓದ್ತೀನಿ, ಕೇಳಪಾ," ಎಂದರು. "ನಾನು ಕೆಲಸಾ ಬಿಟ್ಟಿಲ್ಲ. ನನ್ನ ತಗದಾರ."

"ಮುಂದ ಓದ್ರಿ," ಎಂದ ಹನುಮಂತ. ಅವನ ಆಟೋ ಶುರುವಾದ ಸದ್ದು ಫೋನಿನಲ್ಲಿ ಕೇಳಿಸಿತು.