ಬೊಟ್ಟಿಗೊಂದು ಹನಿ

ಉಚ್ಚೆ ಬಂದಾಗ ಇಂಚರಾ ಬೀರುವಿನ ಮರೆಗೆ ಹೋಗಿ ನಿಲ್ಲತೊಡಗಿದ್ದು ಚಾಪೆಯ ಗಲಾಟೆಯ ನಂತರ. ಎರಡೂವರೆ ವರ್ಷದ ಮಗು ಆಟದ ಗುಂಗಿನಲ್ಲಿ ಹೊಸ ಚಾಪೆ ಒದ್ದೆ ಮಾಡಿದಾಗ ಅಪ್ಪ ವಿರೂಪಾಕ್ಷ ಜೋರಾಗಿ ಗದರಿದ್ದ. ಅಲ್ಲಿಂದ ಮುಂದೆ ಅವಳು ಹೇಳುವುದನ್ನೇ ಬಿಟ್ಟಳು. ಕಾಲು ಹೆಣೆದುಕೊಂಡು ತಡೆಯುವುದು, ತಡೆಯಲಾಗದಾಗ ಒದ್ದೆಯಾಗಿ ಸದ್ದಿಲ್ಲದೆ ಅಳುವುದು.

“ಸೋಂಕೇನೂ ಇಲ್ಲ” ಎಂದರು ಹುಣಸೂರಿನ ಮಕ್ಕಳ ಡಾಕ್ಟರು. “ಆದರೆ ಹೀಗೆ ತಡೆದುಕೊಂಡೇ ಇದ್ದರೆ ಬರಬಹುದು. ಹೆದರಿಸದೆ ಅಭ್ಯಾಸ ಮಾಡಿಸಿ.”

ಹೆದರಿಕೆ ಒಮ್ಮೆ ಕೂತರೆ ಅದನ್ನು ಎಬ್ಬಿಸುವುದು ಹೇಗೆ? ಗಾವಡಗೆರೆಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಭಾವನಾಗೆ ಮಗಳ ವಿಷಯದಲ್ಲಿ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಮಗುವಿನ ಪಾದ ನೆಲಕ್ಕೆ ಊರುವಷ್ಟು ಗಿಡ್ಡದೊಂದು ಹಳದಿ ಪಾಟಿ, ಮಕ್ಕಳು ಕೂತು ಉಚ್ಚೆ ಹೊಯ್ಯುವ ಪ್ಲಾಸ್ಟಿಕ್ ಪೀಠ, ತಂದು ಬಚ್ಚಲಲ್ಲಿಟ್ಟಳು. ಮೊದಲು ಬಟ್ಟೆಯ ಗೊಂಬೆ ಕೂತಿತು. ಆಮೇಲೆ ಇಂಚರಾ, ಚಡ್ಡಿ ಹಾಕಿಕೊಂಡೇ. ಒತ್ತಾಯವಿಲ್ಲ; ಎದ್ದ ಮೇಲೆ, ಊಟದ ಮೇಲೆ ಒಂದೆರಡು ನಿಮಿಷ. ಚಡ್ಡಿ ಬಿಚ್ಚಿ ಕೂರುವ ಧೈರ್ಯ ಬಂದಾಗ ಅತ್ತೆ ವೀರಮ್ಮನ ಸ್ಟಿಕ್ಕರ್ ಬೊಟ್ಟಿನ ಚೀಟಿ ಹೊರಬಂತು. ಉಚ್ಚೆ ಬಂದರೆ ಒಂದು ಬೊಟ್ಟು, ಅದನ್ನು ಗೋಡೆಯ ಟೈಲಿಗೆ ಅಂಟಿಸುವ ಹಕ್ಕು ಮಗುವಿನದೇ.

ಟೈಲಿನ ಮೇಲೆ ಕೆಂಪು ಚುಕ್ಕೆಗಳು ಬೇಗಬೇಗ ತುಂಬಿದವು. ವಿಪರೀತ ಬೇಗ.

“ಭಾವನಾ, ನನ್ ಬೊಟ್ಟೆಲ್ಲಾ ಮುಗೀತಾ ಬಂತು ಕಣವ್ವ!” ವೀರಮ್ಮ ಒಂದು ಸಂಜೆ ಸೊಂಟದ ಮೇಲೆ ಕೈಯಿಟ್ಟು ನಿಂತರು. “ನಿನ್ ಮಗ್ಳು ಉಚ್ಚೆನ ಚಿಲ್ರೆ ಮಾಡ್ಸವ್ಳೆ.”

“ಅಂದ್ರೆ ಏನತ್ತೆ?”

“ಬಂದ್ ನೋಡು.”

ಇಂಚರಾ ಪಾಟಿಯ ಮೇಲೆ ಕೂತಿದ್ದಳು. ಚೂರು ಹೊಯ್ದಳು, ನಿಲ್ಲಿಸಿದಳು, ಕೈ ಚಾಚಿದಳು. ಬೊಟ್ಟು ಅಂಟಿಸಿ ಬಂದು ಮತ್ತೆ ಕೂತಳು. ಇನ್ನು ನಾಲ್ಕು ಹನಿ. ಮತ್ತೆ ಕೈ.

ವಿರೂಪಾಕ್ಷ ಬಾಗಿಲಲ್ಲೇ ನಕ್ಕ. “ಈಟುದ್ದ ಇಲ್ಲ, ಆಗ್ಲೇ ಯಾಪಾರ ಕಲ್ತವ್ಳೆ. ಬೊಟ್ಟು ಕೊಡೋದ್ ನಿಲ್ಸು, ಸರೋಯ್ತದೆ.”

ಭಾವನಾ ನಗಲಿಲ್ಲ, ಕುತೂಹಲದಿಂದ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದಳು. ನಡುವೆ ನಿಲ್ಲಿಸಲು ಬರುತ್ತದೆ ಎಂದರೆ ಹಿಡಿತ ಬಂದಿದೆ. ಮಗು ತಯಾರಾಗಿದೆ. ತಪ್ಪಿದ್ದು ತಮ್ಮ ಲೆಕ್ಕವೇ: ಹನಿಗೆ ಬೆಲೆ ಕಟ್ಟಿದ್ದಕ್ಕೆ ಹನಿ ಮಾರುತ್ತಿದ್ದಾಳೆ.

“ನಿಲ್ಸಿದ್ರೆ ಕೂರೋದನ್ನೇ ನಿಲ್ಸ್ತಾಳೆ ಕಣ್ರೀ. ಹಿಂಗೇ ಬಿಟ್ರೆ ಅರ್ಧ ಒಳಗೇ ಉಳೀತದೆ, ಅದೂ ಒಳ್ಳೇದಲ್ಲ.”

“ಇನ್ನೇನ್ ಮಾಡೀಯೆ?”

“ಬೊಟ್ಟು ಬೇರೇದಕ್ಕೆ ಕೊಡೋದು. ಬಂದು ಹೇಳೋದಕ್ಕೆ, ಪೂರ್ತಿ ಆಗೋವರ್ಗೂ ಕೂರೋದಕ್ಕೆ. ಉಚ್ಚೆ ಬಂದ್ರೂ ಒಂದೇ ಬೊಟ್ಟು, ಬರದಿದ್ರೂ ಒಂದೇ.”

ಆದರೆ ಪೂರ್ತಿ ಎಂದರೇನೆಂದು ಮಗುವಿಗೆ ತಿಳಿಸುವುದು ಹೇಗೆ? ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುವ ತೂತಿನ ಡಬ್ಬಿಯಂಥದ್ದೇ ಒಂದು ಪುಟ್ಟ ಹೊಸ ಡಬ್ಬಿಯನ್ನು ವಿರೂಪಾಕ್ಷ ಪಿರಿಯಾಪಟ್ಟಣದಿಂದ ಮಗಳ ಆಟಕ್ಕೆಂದು ತಂದಿದ್ದ. ಭಾವನಾ ಅದರಲ್ಲಿ ನೀರು ತುಂಬಿ ಅತ್ತೆಯ ಕೈಗಿತ್ತಳು. ಇಂಚರಾ ಪಾಟಿಯ ಮೇಲೆ; ಅಜ್ಜಿ ಎದುರಿಗೆ ಮಣೆಯ ಮೇಲೆ. ಡಬ್ಬಿಯಿಂದ ನೀರು ಬಕೆಟ್ಟಿಗೆ ಸಣ್ಣಗೆ ಸುರಿಯತೊಡಗಿತು.

“ನನ್ ಡಬ್ಬಿ ಇನ್ನೂ ಐತೆ. ನಿಂದು?”

ಮಗು ನೀರಿನ ಸದ್ದು ಕೇಳುತ್ತಾ ಕೈ ಚಾಚುವುದನ್ನು ಮರೆಯಿತು. “ನಂದೂ ಐತೆ.”

“ಈಗ?”

ಕೊನೆಯ ಹನಿ ಬಿದ್ದಮೇಲೆ ಇಬ್ಬರೂ “ಖಾಲೀ!” ಎಂದು ಕೂಗಿದರು. ಗೊಂಬೆಯ ಹಣೆಗೊಂದು ಬೊಟ್ಟು ಬಿತ್ತು. ವೀರಮ್ಮ ಸೊಸೆಯ ಕಡೆ ತಿರುಗಿ, “ನಿನ್ ಸೈನ್ಸು ನನ್ ಸೀರೆ ನೆನೆಸ್ತು ಬುಡು” ಎಂದರು.

ಆಟ ಗೆದ್ದಿತು. ಹೆದರಿಕೆಯ ಕತೆ ಏನಾಯಿತೋ ಭಾವನಾಗೆ ತಿಳಿಯಲಿಲ್ಲ, ಏಕೆಂದರೆ ಇಂಚರಾ ಹೇಳುತ್ತಿದ್ದುದು ಅಮ್ಮ, ಅಜ್ಜಿಗೆ ಮಾತ್ರ. ಗದರಿದವನಿಗೆ ಒಮ್ಮೆಯೂ ಅಲ್ಲ.

ಒಂದು ದಿನ ಅಂಗಳದಲ್ಲಿ ವಿರೂಪಾಕ್ಷ ಟ್ರೇಗಳಿಗೆ ಸಸಿ ಕೂರಿಸುತ್ತಿದ್ದ. ಪಕ್ಕದಲ್ಲಿ ಕಲ್ಲು ಜೋಡಿಸುತ್ತಿದ್ದ ಇಂಚರಾ ಇದ್ದಕ್ಕಿದ್ದಂತೆ ಎದ್ದಳು. ಚಡ್ಡಿ ಒದ್ದೆ, ಪಕ್ಕದಲ್ಲಿದ್ದ ಗೋಣಿಚೀಲವೂ ಒದ್ದೆ. ಅಡುಗೆಮನೆಯ ಕಿಟಕಿಯಲ್ಲಿದ್ದ ಭಾವನಾ ಹೊರಗೆ ಓಡಲಿಲ್ಲ. ಸರಳು ಹಿಡಿದು ನಿಂತಳು. ಮಗು ಒಮ್ಮೆ ಮನೆಯೊಳಗೆ ನೋಡಿತು, ಒಮ್ಮೆ ಅಪ್ಪನನ್ನು ನೋಡಿತು. ಆಮೇಲೆ ಅಪ್ಪನ ಹತ್ತಿರಕ್ಕೇ ಹೋಯಿತು.

“ಅಪ್ಪ, ಉಚ್ಚೆ ಬಂತು. ಇಲ್ಲೇ ಬಂತು.”

ವಿರೂಪಾಕ್ಷನ ಬಾಯಿ ತೆರೆಯಿತು. ಗೋಣಿಚೀಲ ನೋಡಿದ. ಮಗಳ ಮುಖ ನೋಡಿದ. ತೆರೆದ ಬಾಯಿಂದ ಬಂದದ್ದು ಮೆಲುದನಿ.

“ಹೇಳ್ದಲ್ಲ, ಜಾಣೆ. ಇನ್ನೂ ಐತಾ ಒಳಗೆ?”

ಇಂಚರಾ ಯೋಚಿಸಿದಳು. “ಐತೆ.”

ಮಣ್ಣು ಮೆತ್ತಿದ ಕೈಗಳಲ್ಲೇ ಅವಳನ್ನೆತ್ತಿಕೊಂಡು ಅವನು ಬಚ್ಚಲಿಗೆ ಓಡಿದ. ಸ್ವಲ್ಪ ಹೊತ್ತಿಗೆ ಒಳಗಿಂದ ಡಬ್ಬಿಯ ನೀರಿನ ಸದ್ದು, ಜೊತೆಗೆ ಮಗುವಿನ ಗದರಿಕೆ ಕೇಳಿಸಿತು.

“ಜೋರಾಗ್ ಸುರೀಬೇಡ ಅಪ್ಪ! ಮೆಲ್ಲಕ್ಕೆ!”