ಪ್ರಮಾಣದ ಕಾಲಂ ಖಾಲಿ

ನನ್ನ ಗಂಡ ಹರಿನಾಥರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ನಾನು ಶುರು ಮಾಡಿದ ಮಾತನ್ನು ನಾನೇ ಮುಗಿಸಿದ ನೆನಪಿಲ್ಲ. ಅರ್ಧಕ್ಕೆ ಬರುವಾಗಲೇ ಅವರು "ಗೊತ್ತುಂಟು, ಗೊತ್ತುಂಟು" ಎಂದು ಬಾಕಿ ಅರ್ಧವನ್ನು ತಾವೇ ಹೇಳಿ ಮುಗಿಸುತ್ತಾರೆ. ಅದು ನಾನು ಹೇಳಬೇಕೆಂದಿದ್ದ ಅರ್ಧ ಆಗಿರುವುದಿಲ್ಲ, ಅಷ್ಟೇ.

ಅವರು ಇಲ್ಲಿ ಗಲ್ಫ್‌ನಲ್ಲಿ, ಹಮಾಲಾ ಎಂಬಲ್ಲಿ, ಯೂಸುಫ್ ಎಂಬ ಅರಬಿಯವರ ತೋಟದ ಮ್ಯಾನೇಜರ್. ಅಲ್ಲಿ ಹನ್ನೆರಡು ದನಗಳಿವೆ. ಅದರಲ್ಲಿ ಲೂಲು ಎಂದರೆ ಇವರಿಗೆ ಪ್ರಾಣ. ಲೂಲು ಎಂದರೆ ಅರಬಿಯಲ್ಲಿ ಮುತ್ತು. ಕರು ಹಾಕಿ ಮೂರು ವಾರವಾಗಿತ್ತು, ಇದ್ದಕ್ಕಿದ್ದಂತೆ ಹಿಂಡಿ ತಿನ್ನುವುದನ್ನು ಬಿಟ್ಟಿತು. ಶುಕ್ರವಾರ ಬೆಳಿಗ್ಗೆ ನಮ್ಮ ಕಾರ್ಕಳದವರೇ ಆದ ದನದ ಡಾಕ್ಟರ್ ಮರ್ವಿನ್ ಬಂದು, ರಕ್ತ ಪರೀಕ್ಷೆ ಮಾಡಿ, ನರಕ್ಕೆ ಗ್ಲೂಕೋಸ್ ಕೊಟ್ಟು, ಒಂದು ಕ್ಯಾನ್ ಔಷಧಿ ಇಟ್ಟು ಹೋದರು. ಅದೇ ದಿನ ಮಧ್ಯಾಹ್ನ ಮೂರಕ್ಕೆ ಇವರಿಗೆ ಮಂಗಳೂರಿನ ವಿಮಾನ. ತಂಗಿಯ ಮಗಳ ಮದುವೆ, ತಪ್ಪಿಸುವ ಹಾಗಿಲ್ಲ.

ಹಾಗಾಗಿ ಮುಂದಿನ ಐದು ದಿನ ಲೂಲುವಿನ ಭಾರ ರಾಜೀವನ ಮೇಲೆ. ರಾಜೀವ ಒಳ್ಳೆಯ ಕೆಲಸಗಾರ, ಆದರೆ ಹೇಳಿದ್ದನ್ನು ಬಿಟ್ಟು ಒಂದು ಕೂದಲಿನಷ್ಟೂ ಆಚೀಚೆ ಹೋಗುವವನಲ್ಲ. ಒಮ್ಮೆ ಇವರು "ಹುಲ್ಲಿಗೆ ನೀರು ಬಿಡು" ಎಂದು ಹೇಳಿ ಹೋದದ್ದಕ್ಕೆ ಸಂಜೆಯವರೆಗೆ ಬಿಟ್ಟೇ ಇಟ್ಟಿದ್ದ. ನಿಲ್ಲಿಸಲು ಯಾರೂ ಹೇಳಿರಲಿಲ್ಲವಂತೆ.

ಹತ್ತು ಗಂಟೆಗೆ ಇವರು ಔಷಧಿ ಕೊಡುವ ಕ್ರಮ ಕೇಳಲು ಡಾಕ್ಟರಿಗೆ ಫೋನು ಮಾಡಿ, ಮಾತೆಲ್ಲ ರೆಕಾರ್ಡ್ ಮಾಡಿ, ಅರಾದ್‌ನ ನಮ್ಮ ಮನೆಗೆ ಬಂದು ನನ್ನ ಮುಂದೆ ಮೊಬೈಲ್ ಇಟ್ಟರು.

"ಇದನ್ನು ಚಂದ ಮಾಡಿ ಒಂದು ಹಾಳೆಯಲ್ಲಿ ಬರೆದುಕೊಡು ಮಾರಾಯ್ತಿ. ನಿನ್ನ ಆಫೀಸಿನ ಮೀಟಿಂಗ್ ಬರೆದ ಹಾಗೆ."

ನಾನು ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಕಚೇರಿಯಲ್ಲಿ ಸೆಕ್ರೆಟರಿ. ಎರಡು ಗಂಟೆಯ ಮೀಟಿಂಗನ್ನು ಅರ್ಧ ಪುಟಕ್ಕೆ ಇಳಿಸುವುದೇ ನನ್ನ ಹೊಟ್ಟೆಪಾಡು. ಹಾಳೆಯಲ್ಲಿ ನಾಲ್ಕು ಕಾಲಂ ಎಳೆದೆ: ಲಕ್ಷಣ, ಚಿಕಿತ್ಸೆ, ಪ್ರಮಾಣ, ಅಪಾಯದ ಸೂಚನೆ. ಆಮೇಲೆ ರೆಕಾರ್ಡಿಂಗ್ ಹಾಕಿದೆ.

ಹನ್ನೊಂದು ನಿಮಿಷದ ಮಾತು. ಅದರಲ್ಲಿ ಡಾಕ್ಟರದ್ದು ಹೆಚ್ಚೆಂದರೆ ಎರಡು ನಿಮಿಷ.

ಲಕ್ಷಣದ ಕಾಲಂ ಸುಲಭವಾಗಿ ತುಂಬಿತು, ಯಾಕೆಂದರೆ ಅದನ್ನು ಹೇಳಿದವರು ಇವರೇ. ಹಿಂಡಿ ಮುಟ್ಟುವುದಿಲ್ಲ, ಒಣಹುಲ್ಲು ಮಾತ್ರ ತಿನ್ನುತ್ತದೆ. ಹಾಲು ಇಪ್ಪತ್ತನಾಲ್ಕು ಲೀಟರಿನಿಂದ ಹದಿನಾಲ್ಕಕ್ಕೆ ಇಳಿದಿದೆ. ಮೈ ಸೊರಗಿದೆ. ಉಸಿರಿನಲ್ಲಿ ಸಿಹಿ ವಾಸನೆ. ಕಾಯಿಲೆಯ ಹೆಸರು ಕೀಟೋಸಿಸ್ ಎಂದು ಡಾಕ್ಟರ್ ಹೇಗೋ ನಡುವೆ ನುಸುಳಿ ಹೇಳಿದ್ದರು. ಹಾಲು ಕೊಡುವಷ್ಟು ಶಕ್ತಿ ಮೇವಿನಿಂದ ಸಿಗದೆ ದನ ಮೈಯ ಕೊಬ್ಬನ್ನೇ ಕರಗಿಸುತ್ತದಂತೆ.

ಚಿಕಿತ್ಸೆ: ಕ್ಯಾನಿನಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್, ಬಾಯಿಗೆ ಹೊಯ್ಯುವುದು. ಮೂರನೇ ಕಾಲಂಗೆ ಬಂದಾಗ ಮೊಬೈಲಿನಲ್ಲಿ ಹೀಗೆ ಕೇಳಿಸಿತು:

"ಹರಿನಾಥರೇ, ಅದನ್ನು ದಿನಕ್ಕೆ—"

"ಗೊತ್ತುಂಟು ಡಾಕ್ಟ್ರೇ, ಗೊತ್ತುಂಟು. ನಮ್ಮ ಅಜ್ಜನ ಕಾಲದಲ್ಲಿ ಬಿದಿರಿನ ಗೊಟ್ಟದಲ್ಲಿ ಹೊಯ್ತಾ ಇದ್ರು..."

ಅಲ್ಲಿಂದ ಅಜ್ಜ, ಅಜ್ಜನ ಎಮ್ಮೆ, ಎಮ್ಮೆ ಬಾವಿಗೆ ಬಿದ್ದದ್ದು, ಮೂರು ನಿಮಿಷ. ಡಾಕ್ಟರ್ ಇನ್ನೆರಡು ಸಲ "ಅಳತೆ ಎಷ್ಟಂದ್ರೆ" ಎಂದು ತೊಡಗಿದ್ದರು. ಎರಡು ಸಲವೂ ಎಮ್ಮೆಯೇ ಗೆದ್ದಿತು. ಮತ್ತೆ ಹಾಕಿ ಕೇಳಿದೆ. "ಗೊತ್ತುಂಟು" ಮೂವತ್ತೊಂದು ಸಲ ಬಂದಿತ್ತು, ಅಳತೆ ಒಂದು ಸಲವೂ ಇಲ್ಲ.

"ರೀ, ಪ್ರಮಾಣ ಎಷ್ಟು?"

"ಒಂದು ಲೋಟ ಬರಿ."

"ಡಾಕ್ಟ್ರು ಹಾಗೆ ಹೇಳಲಿಲ್ಲ."

"ಹೇಳ್ಲಿಕ್ಕೆ ಎಂತ ಉಂಟು ಅದರಲ್ಲಿ? ಒಂದು ಲೋಟ."

ಇವರನ್ನು ಏರ್‌ಪೋರ್ಟಿಗೆ ಬಿಡಲು ಬಂದ ರಾಜೀವ ಬಾಗಿಲಲ್ಲಿ ನಿಂತಿದ್ದ. ಅವನು ಮೆಲ್ಲಗೆ ಕೇಳಿದ, "ಕೊಟ್ಟಿಗೆಯ ಲೋಟವಾ ಅಕ್ಕ? ಅದು ಒಂದು ಲೀಟರಿನದ್ದು."

ನಾನು ಪೆನ್ನು ಕೆಳಗಿಟ್ಟೆ. ಬರೆದಿದ್ದರೆ ಇವನು ಕಣ್ಣು ಮುಚ್ಚಿ ಒಂದು ಲೀಟರ್ ಹೊಯ್ಯುತ್ತಿದ್ದ.

"ಹೆಚ್ಚು ಕೊಟ್ಟರೆ ಬೇಗ ಗುಣ ಆಗ್ತದೆ," ಎಂದರು ಇವರು, ಆದರೆ ಸ್ವರ ಸ್ವಲ್ಪ ಇಳಿದಿತ್ತು. ಕ್ಯಾನಿನ ಮೇಲೆ ಬರೆದಿರಬೇಕಲ್ಲ ಎಂದೆ. ರಾಜೀವ ಅದರ ಫೋಟೋ ತೆಗೆದಿದ್ದ. ದೊಡ್ಡದು ಮಾಡಿ ನೋಡಿದರೆ, ವೈದ್ಯರ ಸಲಹೆಯಂತೆ ಕೊಡಿ ಎಂದಿತ್ತು.

ನಾನೇ ಡಾಕ್ಟರಿಗೆ ಫೋನು ಮಾಡಿದೆ. ಅದಕ್ಕೆ ಮೊದಲು ಬಿಸಿಬಿಸಿ ಗೋಳಿಬಜೆಯ ತಟ್ಟೆಯನ್ನು ಇವರ ಮುಂದೆ ಇಟ್ಟೆ. ಬಾಯಿ ತುಂಬಿದ್ದರೆ ಮಾತು ಹೊರಡುವುದಿಲ್ಲ. ಸಂಸಾರ ಮಾಡಿದವರಿಗೆ ಇಂಥ ಉಪಾಯ ಯಾರೂ ಕಲಿಸಬೇಕಾಗಿಲ್ಲ.

"ಮುನ್ನೂರು ಎಂಎಲ್," ಎಂದರು ಡಾಕ್ಟರ್, ಜೈಲಿನಿಂದ ಬಿಡುಗಡೆಯಾದವರ ದನಿಯಲ್ಲಿ. "ದಿನಕ್ಕೆ ಒಂದೇ ಸಲ, ಐದು ದಿನ. ಇವತ್ತು ಸಂಜೆಯಿಂದ ಶುರು ಮಾಡಿ. ಲೀಟರ್‌ಗಟ್ಟಲೆ ಕೊಟ್ಟರೆ ದನ ಮಂಕಾಗಿ ತೂರಾಡ್ತದೆ."

ಇವರು ಗೋಳಿಬಜೆ ಅಗಿಯುವುದನ್ನು ನಿಲ್ಲಿಸಿದರು.

ಅಪಾಯದ ಸೂಚನೆಗಳನ್ನೂ ಕೇಳಿ ಬರೆದೆ. ಒಣಹುಲ್ಲನ್ನೂ ಬಿಟ್ಟರೆ, ಗೋಡೆ ಕಂಬ ನೆಕ್ಕುತ್ತಾ ಇದ್ದರೆ, ನಡೆಯುವಾಗ ಓಲಾಡಿದರೆ, ಮಲಗಿದ್ದು ಏಳದಿದ್ದರೆ ಕೂಡಲೇ ಫೋನು ಮಾಡಬೇಕು. ಧನ್ಯವಾದ ಹೇಳಿ ಫೋನಿಟ್ಟು, ಗೆದ್ದ ಮುಖದಲ್ಲಿ ಇವರ ಕಡೆ ನೋಡಿದೆ.

ಆಫೀಸಿನ ಅಭ್ಯಾಸ, ಬರೆದದ್ದನ್ನು ರೆಕಾರ್ಡಿಂಗ್ ಜೊತೆ ತಾಳೆ ನೋಡದೆ ಕೊಡುವುದಿಲ್ಲ. ನನ್ನ ಕರೆಯನ್ನೂ ರೆಕಾರ್ಡ್ ಮಾಡಿದ್ದೆ. ಎಲ್ಲರೆದುರು ಹಾಕಿದೆ. ಎಲ್ಲ ಸರಿಯಾಗಿತ್ತು, ಕೊನೆಯವರೆಗೆ.

"ಮತ್ತೆ ಸುಂದರಿಯವರೇ, ಬಾಯಿಗೆ ಹೊಯ್ಯುವಾಗ—"

"ಗೊತ್ತಾಯ್ತು ಡಾಕ್ಟ್ರೇ, ಗೊತ್ತಾಯ್ತು. ಥ್ಯಾಂಕ್ಸ್."

ಟುಕ್.

ಇವರು ಇನ್ನೊಂದು ಗೋಳಿಬಜೆ ತೆಗೆದುಕೊಂಡು, ಚಟ್ನಿಯಲ್ಲಿ ಅದ್ದಿ, ಬಹಳ ನಿಧಾನವಾಗಿ ತಿಂದರು. ನನಗೆ ನಾಚಿಕೆಯಾಯಿತು. ಇಪ್ಪತ್ತಾರು ವರ್ಷದ ಸಹವಾಸ, ಅಂಟದೆ ಇರುತ್ತದೆಯೇ?

ಮತ್ತೊಮ್ಮೆ ಫೋನು ಮಾಡಿದೆ. ಈ ಸಲ ತುಟಿ ಬಿಚ್ಚಲಿಲ್ಲ.

"ತಲೆ ತುಂಬ ಎತ್ತಿ ಹಿಡಿಯಬೇಡಿ. ಬಾಯಿಯ ಬದಿಯಿಂದ ಸ್ವಲ್ಪ ಸ್ವಲ್ಪ ಹೊಯ್ಯಬೇಕು, ನುಂಗಲಿಕ್ಕೆ ಬಿಡಬೇಕು. ಕೆಮ್ಮಿದರೆ ತಕ್ಷಣ ನಿಲ್ಲಿಸಿ, ಇಲ್ಲದಿದ್ರೆ ಶ್ವಾಸಕೋಶಕ್ಕೆ ಹೋಗ್ತದೆ. ಆಮೇಲೆ ಉಳಿಸ್ಲಿಕ್ಕೆ ಕಷ್ಟ." ಡಾಕ್ಟರ್ ತಡೆದು ತಡೆದು ಕಾಯುತ್ತಿದ್ದರು, ಯಾರಾದರೂ ಬಾಯಿ ಹಾಕುತ್ತಾರೆಂದು. "ಹಲೋ? ಲೈನಲ್ಲಿ ಇದ್ದೀರಾ?"

ಹಾಳೆಯ ಕೊನೆಯಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಬರೆದೆ. ರಾಜೀವ ಎರಡು ಸಲ ಓದಿ, ಗೆರೆಯಿರುವ ಅಳತೆಯ ಮಗ್ಗು ಕೇಳಿ ತೆಗೆದುಕೊಂಡು ಹೋದ.

ಎರಡನೇ ದಿನ ಔಷಧಿ ಹೊಯ್ಯುವಾಗ ಲೂಲು ಕೆಮ್ಮಿತು. ರಾಜೀವ ಆ ಕ್ಷಣವೇ ಕೈ ಹಿಂದೆ ತೆಗೆದು ಡಾಕ್ಟರಿಗೆ ಫೋನು ಮಾಡಿದ. ಉಸಿರಾಟ ಸರಿಯಿದ್ದರೆ, ತಲೆ ಕೆಳಗೆ ಬಿಟ್ಟು ಸುಧಾರಿಸಿಕೊಂಡ ಮೇಲೆ ಉಳಿದದ್ದು ಕೊಡು ಎಂದರಂತೆ. ನಾಲ್ಕನೇ ದಿನ ಅದು ಹಿಂಡಿಯ ಬಾಲ್ದಿಗೆ ಮೂತಿ ಹಾಕಿದ ಫೋಟೋ ಬಂತು. ನನಗೆ ಕಣ್ಣು ತುಂಬಿತು, ದನವನ್ನು ನಾನು ಕಂಡದ್ದೇ ಎರಡು ಸಲವಾದರೂ.

ಮದುವೆ ಮನೆಯಿಂದ ಇವರ ಫೋನು ಬಂತು, ಹಿಂದೆ ವಾಲಗದ ಸದ್ದು.

"ಲೂಲು ಹೇಗುಂಟು?"

ನಾನು ಹೇಳತೊಡಗಿದೆ. ಕೆಮ್ಮಿದ್ದು, ರಾಜೀವ ನಿಲ್ಲಿಸಿದ್ದು, ಹಾಲು ಹತ್ತೊಂಬತ್ತು ಲೀಟರಿಗೆ ಏರಿದ್ದು. ಆ ಕಡೆಯಿಂದ ಒಂದು "ಗೊತ್ತುಂಟು" ಕೂಡ ಇಲ್ಲ. ಫೋನು ಕೆಳಗಿಟ್ಟು ಹೋದರೇನೋ ಎಂದುಕೊಂಡೆ.

"ಹಲೋ, ಕೇಳ್ತಾ ಉಂಟಾ?"

"ಕೇಳ್ತಾ ಇದ್ದೇನೆ," ಎಂದರು. "ನೀನು ಮುಗಿಸು."

ನನಗೆ ಒಮ್ಮೆಗೇ ಹೇಳಲು ಏನೂ ತೋಚಲಿಲ್ಲ. ಮಾತಿನಲ್ಲಿ ಅಷ್ಟು ದೂರದವರೆಗೆ ನಾನು ಯಾವತ್ತೂ ಹೋಗಿರಲಿಲ್ಲ.