ಎಂಟು ಗೆರೆ

ವಿಜಯನಗರದ ಆ ಮೊಬೈಲ್ ಅಂಗಡಿಯಲ್ಲಿ ಶಿವಯೋಗಿಗೆ ಒಂದು ಹೆಸರಿತ್ತು. ಗಿರಾಕಿ ಚಾರ್ಜರ್ ಹೊರಗೆ ತೆಗೆಯುವ ಮೊದಲೇ ಸಣ್ಣ ಪಿನ್ನೋ ದೊಡ್ಡ ಪಿನ್ನೋ ಎಂದು ಹೇಳಿಬಿಡುತ್ತಿದ್ದ. ಮಾಲೀಕ ಭೈರೇಶ ಬಂದವರಿಗೆಲ್ಲ ಅದನ್ನು ಹೇಳಿ ನಗುತ್ತಿದ್ದ. "ನಮ್ ಹುಡುಗ ಮೂತಿ ನೋಡಿ ಜಾತಕ ಹೇಳ್ತಾನೆ, ಸಾರ್. ಮನುಷ್ಯರದ್ದಲ್ಲ, ಪಿನ್ನಿಂದು." ಕೊಪ್ಪಳದ ಕಡೆಯಿಂದ ಬಂದು ಮೂರು ವರ್ಷವಾಗಿದ್ದ ಶಿವಯೋಗಿಗೆ ಈ ಊರಿನಲ್ಲಿ ಸಿಕ್ಕಿದ್ದ ಒಂದೇ ಬಿರುದು ಅದು. ಅದನ್ನು ಅವನು ಬೇಕಾದ್ದಕ್ಕಿಂತ ಹೆಚ್ಚು ನಂಬಿದ್ದ.

ಎರಡು ಸಾವಿರದ ಎಂಟನೇ ಇಸವಿಯ ಒಂದು ಶುಕ್ರವಾರ ಮಧ್ಯಾಹ್ನ ಅಂಜನಮ್ಮ ಬಂದಳು. ನಲವತ್ತೈದರ ಹೆಂಗಸು, ಮೂಡಲಪಾಳ್ಯದವಳು. ಬಸವೇಶ್ವರನಗರದಲ್ಲಿ ಒಂದೇ ಮನೆಯಲ್ಲಿ ಏಳು ವರ್ಷದಿಂದ ಕೆಲಸಕ್ಕಿದ್ದಳು. ಕೈಯಲ್ಲಿ ಮಗಳ ಫೋನು.

"ನೋಡಪ್ಪಾ, ಇಂಥಾ ವೈರು ಬೇಕು."

ಫೋನಿನ ಪರದೆಯಲ್ಲಿ ಒಂದು ಕೇಬಲ್ಲಿನ ಎರಡು ತುದಿಗಳನ್ನು ಪಕ್ಕಪಕ್ಕ ಇಟ್ಟು ತೆಗೆದ ಫೋಟೋ. ಕ್ಯಾಮೆರಾದ ಕೇಬಲ್ಲು. ಮನೆಯವರು ಧರ್ಮಸ್ಥಳಕ್ಕೆ ಹೋಗಿದ್ದರು. ನೆಲ ಒರೆಸಲು ಕಬ್ಬಿಣದ ಮಂಚ ಎಳೆದಾಗ ಕೆಳಗೆ ಬಿದ್ದಿದ್ದ ವೈರು ಅದರ ಕಾಲಿಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಭಾನುವಾರ ಅವರು ಬರುವುದರೊಳಗೆ ಅಂಥದ್ದೇ ಇನ್ನೊಂದನ್ನು ಡ್ರಾಯರಿನಲ್ಲಿ ಇಡಬೇಕಿತ್ತು.

"ಕೇಬಲ್ಲೇ ತರ್ಬಾರ್ದಿತ್ತಾ, ಆಂಟಿ?"

"ಅವರ ಮನೆ ಸಾಮಾನು ಅವರಿಲ್ದಾಗ ಹೊಸ್ಲು ದಾಟ್ಸಲ್ಲಪ್ಪಾ. ಏಳು ವರ್ಷ ಆಯ್ತು, ಒಂದು ಸೂಜಿ ದಾಟಿಲ್ಲ. ಅದು ಮುರಿದಿದ್ದಾದ್ರೂ ಅವರದ್ದೇ. ದಾರೀಲಿ ಯಾರಾದ್ರೂ ನನ್ ಚೀಲ ನೋಡಿದ್ರೆ?"

ಶಿವಯೋಗಿ ಫೋಟೋ ನೋಡಿದ. ಒಂದು ತುದಿ ಅಗಲವಾಗಿ, ಚಪ್ಪಟೆಯಾಗಿತ್ತು. ಕಂಪ್ಯೂಟರಿಗೆ ಚುಚ್ಚುವ ಕಡೆ. ಅದು ಎಲ್ಲ ಕೇಬಲ್ಲಿಗೂ ಒಂದೇ, ಅದರಿಂದ ತಿಳಿಯುವುದು ಏನೂ ಇಲ್ಲ. ಕ್ಯಾಮೆರಾ ಕಡೆಯ ತುದಿ ಪುಟ್ಟದು. ಫೋನಿನ ಅಗ್ಗದ ಕ್ಯಾಮೆರಾದಲ್ಲಿ ಅದು ಮಂಜಾಗಿ, ಕರಿ ಚೌಕಟ್ಟಿನೊಳಗೆ ಬೆಳ್ಳಿಯ ಹಲ್ಲಿನಂತೆ ಕಾಣುತ್ತಿತ್ತು.

"ಮಿನಿ. ಐದು ಪಿನ್ನಿಂದು," ಎಂದ.

"ನನ್ ಮಗಳು ಒಳಗೆ ಎಂಟು ಗೆರೆ ಅವೆ ಅಂದ್ಲು. ಎಣಿಸಿದ್ಲಂತೆ."

"ಒಂದೊಂದನ್ನ ಎರಡು ಸಲ ಎಣಿಸಿರ್ಬೇಕು ಬಿಡಿ."

ಭೈರೇಶ ಗಹಗಹಿಸಿದ. ಅಂಜನಮ್ಮನೂ ನಕ್ಕಳು, ತನ್ನ ಮಗಳ ಎಣಿಕೆಗೆ.

"ಹೊಂದ್ಕೊಳುತ್ತಾ, ನೋಡಪ್ಪಾ. ಸರಿಯಾಗಿ ನೋಡು."

"ಹೊಸ್ದು ಸ್ವಲ್ಪ ಟೈಟ್ ಇರುತ್ತೆ. ಗಟ್ಟಿಯಾಗಿ ಒತ್ತಿ," ಎಂದ ಶಿವಯೋಗಿ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದಿದ್ದ.

ಶನಿವಾರ ಸಂಜೆ ಅವಳು ಮತ್ತೆ ಬಂದಳು. ಈ ಸಲ ಹೊಸ ಕೇಬಲ್ಲನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತಂದಿದ್ದಳು. ಅದು ತಾನು ಕೊಂಡದ್ದು, ಹೊಸ್ತಿಲು ದಾಟಿಸಬಹುದಿತ್ತು. ಫೋನು ಮುಂದಿಟ್ಟಳು. ಫೋಟೋದಲ್ಲಿ ಕ್ಯಾಮೆರಾದ ಕೇಬಲ್ಲು ಚುಚ್ಚುವ ತೂತು. ತಗಡಿನ ಅಂಚು ಬಾಯಿ ಬಿಟ್ಟಿತ್ತು. ಒಳಗಿನ ಪುಟ್ಟ ನಾಲಿಗೆ ಸೊಟ್ಟಗಾಗಿ ಒಂದು ಪಕ್ಕಕ್ಕೆ ಒರಗಿತ್ತು.

"ನೀನು ಒತ್ತು ಅಂದೆ. ಒತ್ತಿದೆ."

ಭೈರೇಶ ಕಾಫಿಗೆ ಹೋಗಿದ್ದ. ಶಿವಯೋಗಿ ನಿನ್ನೆಯ ಫೋಟೋವನ್ನು ಬ್ಲೂಟೂತಿನಲ್ಲಿ ಅಂಗಡಿಯ ಕಂಪ್ಯೂಟರಿಗೆ ಕಳಿಸಿಕೊಂಡು ದೊಡ್ಡದು ಮಾಡಿದ. ಹಾಡು ತುಂಬಿಕೊಡಲು ದಿನಕ್ಕೆ ಐವತ್ತು ಸಲ ಮಾಡುವ ಕೆಲಸ ಅದು, ಒಂದು ನಿಮಿಷ ಸಾಕು. ಮೂತಿ ಮಿನಿಗಿಂತ ತೆಳ್ಳಗಿತ್ತು. ಮಿನಿಯಾಗಿದ್ದರೆ ಎರಡು ಪಕ್ಕವೂ ಒಳಕ್ಕೆ ಬಾಗಿರಬೇಕಿತ್ತು. ಇಲ್ಲಿ ಬಾಗಿರಲಿಲ್ಲ. ಒಳಗಿನ ಗೆರೆಗಳು ಮಂಜಾಗಿದ್ದರೂ ಬೇರೆ ಬೇರೆಯಾಗಿದ್ದವು. ಅವನು ಬೆರಳಿಟ್ಟು ಎಣಿಸಿದ. ಎಂಟು. ಕೆಲವು ಕ್ಯಾಮೆರಾಗಳಿಗೆ ಮಾತ್ರ ಬರುವ ಮೂತಿ. ಅಂಥ ಕೇಬಲ್ಲು ಅಂಗಡಿಯ ಗೋಡೆಯ ಮೇಲೇ ಎರಡು ನೇತಾಡುತ್ತಿದ್ದವು.

"ಏನಪ್ಪಾ?"

"ಮಿನಿ ಇದಕ್ಕಿಂತ ದಪ್ಪ ಇರುತ್ತೆ, ಆಂಟಿ. ಬಲವಂತಕ್ಕೆ ಒಳಗಿಂದು ಮುರೀತು. ಫೋಟೋಗೆ ಏನೂ ಆಗಿರಲ್ಲ, ಅದು ಕಾರ್ಡಲ್ಲಿರುತ್ತೆ."

"ತಪ್ಪು ಯಾರ್ದು ಅಂತ ನಾನು ಕೇಳ್ತಿಲ್ಲ." ಅವಳ ಸ್ವರ ಏರಲಿಲ್ಲ. "ನಾಳೆ ಅಮ್ಮಾವ್ರು ಬರ್ತಾರೆ. ಬಂದ್ ತಕ್ಷಣ ಹೇಳ್ಬಿಡ್ತೀನಿ. ಮಂಚದ್ದೂ ಹೇಳ್ತೀನಿ, ಇದನ್ನೂ ಹೇಳ್ತೀನಿ. ಬೈತಾರೆ, ಬೈಸ್ಕೋತೀನಿ. ಅಂಗಡಿಯೋರು ಹಿಂಗಂದ್ರು ಅಂತ ನೀನೊಂದು ಮಾತು ಫೋನಲ್ಲಿ ಹೇಳ್ತೀಯಾ? ನಾನು ಆಟ ಆಡಕ್ಕೆ ಹೋಗಿ ಮುರ್ದೆ ಅಂದ್ಕೋಬಾರ್ದು, ಅಷ್ಟೇ."

ಹೂಂ ಅಂದಿದ್ದರೆ ಸಾಕಿತ್ತು. ಆದರೆ ಶಿವಯೋಗಿಯ ಕಣ್ಣ ಮುಂದೆ ಬಂದದ್ದು ಬೇರೆ. ಆ ಅಮ್ಮಾವ್ರು ಕ್ಯಾಮೆರಾ ಹಿಡಿದು ಅಂಗಡಿಗೆ ಬರುವುದು, ಭೈರೇಶ ಎಲ್ಲರೆದುರು "ಏನೋ ಜಾತಕದವನೇ" ಅನ್ನುವುದು.

"ಹೇಳ್ಬೇಡಿ, ಆಂಟಿ," ಎಂದ. ತಗ್ಗಿದ ದನಿಯಲ್ಲಿ, ಅವಳ ಒಳ್ಳೆಯದಕ್ಕೇ ಹೇಳುವವನ ಹಾಗೆ. "ಆ ತೂತಿಗೆ ಒಂದು ರಬ್ಬರ್ ಮುಚ್ಚಳ ಇರುತ್ತಲ್ಲ, ಮುಚ್ಚಿ ಇಟ್ಬಿಡಿ. ಸರಿಯಾದ ಕೇಬಲ್ಲು ಕೊಡ್ತೀನಿ, ಪಕ್ಕದಲ್ಲಿ ಇಡಿ. ಅವರು ಯಾವಾಗ ಚುಚ್ತಾರೋ ಏನೋ. ಹಳೇದಾಗಿ ಹಾಳಾಯ್ತು ಅಂದ್ಕೋತಾರೆ."

"ಸುಳ್ಳಾಗಲ್ವಾ?"

"ನೀವೇನೂ ಹೇಳ್ದೇ ಇದ್ರೆ ಸುಳ್ಳು ಹೆಂಗಾಗುತ್ತೆ?"

ಅವಳು ಗೋಡೆಯ ಕೇಬಲ್ಲುಗಳ ಕಡೆ ನೋಡಿದಳು. ಓದಿದವನು, ಅಂಗಡಿಯವನು, ಅವನಿಗೆ ಗೊತ್ತಿರಬಹುದು ಎಂದು ಯೋಚಿಸುತ್ತಿದ್ದಳೇನೋ. ಕೊನೆಗೆ ಸರಿಯಾದ ಕೇಬಲ್ಲು ತೆಗೆದುಕೊಂಡು ಹೋದಳು. ಭೈರೇಶ ಕಾಫಿ ಮುಗಿಸಿ ಬಂದಾಗ ಕಂಪ್ಯೂಟರಿನ ಪರದೆಯಲ್ಲಿ ಆ ಫೋಟೋ ಇರಲಿಲ್ಲ.

ಎರಡು ವಾರದ ಮೇಲೆ ಒಬ್ಬ ಹೆಂಗಸು ಸ್ಕೂಟಿ ನಿಲ್ಲಿಸಿ ಒಳಗೆ ಬಂದರು. ಚೀಲದಿಂದ ಒಂದು ಬೆಳ್ಳಿ ಬಣ್ಣದ ಕ್ಯಾಮೆರಾ ತೆಗೆದು ಗಾಜಿನ ಮೇಲಿಟ್ಟರು.

"ಇದರದ್ದು ಪೋರ್ಟ್ ಹೋಗಿದೆ. ರಿಪೇರಿ ಮಾಡ್ತೀರಾ?"

ಶಿವಯೋಗಿ ರಬ್ಬರ್ ಮುಚ್ಚಳ ತೆಗೆದ. ಸೊಟ್ಟ ನಾಲಿಗೆಯ ಗುರುತು ಸಿಕ್ಕಿತು.

"ಹೇಗಾಯ್ತು, ಮೇಡಂ?" ಕೇಳಿದವನು ಭೈರೇಶ.

"ಕೆಲಸದವಳು. ಹೊಸಾ ಕೇಬಲ್ ತಂದು ಪಕ್ಕದಲ್ಲಿ ಇಟ್ಟಿದಾಳೆ, ನನಗೊಂದು ಮಾತು ಹೇಳಿಲ್ಲ. ನಮ್ಮ ಹಳೇ ಕೇಬಲ್ ಮೇಲೆ ಕಂಪನಿ ಹೆಸರಿತ್ತು, ಇದರ ಮೇಲಿಲ್ಲ. ನನಗೆ ಗೊತ್ತಾಗಲ್ವಾ?" ಅವರು ಚೀಲದ ಜಿಪ್ ಎಳೆದರು. "ಏಳು ವರ್ಷ ಇದ್ಲು. ಬೀರು ಕೀ ಅವಳ ಕೈಲಿ ಇರ್ತಿತ್ತು. ಮುರಿದಿದ್ದಕ್ಕೆ ನಾನೇನೂ ಅಂತಿರ್ಲಿಲ್ಲ. ಮುಚ್ಚಿಟ್ಲು ನೋಡಿ. ಇನ್ನೇನೇನು ಮುಚ್ಚಿಟ್ಟಿದಾಳೋ ಅನ್ಸುತ್ತಲ್ವಾ? ಬರ್ಬೇಡ ಅಂದ್ಬಿಟ್ಟೆ."

"ಅವರೇನೂ ಹೇಳ್ಲಿಲ್ವಾ?" ಎಂದು ಶಿವಯೋಗಿ ಕೇಳಿದ.

"ಅಳ್ತಾ ನಿಂತ್ಲು. ಯಾರು ಹೇಳ್ಕೊಟ್ರು ಅಂತ ಕೇಳ್ದೆ. ಯಾರೂ ಇಲ್ಲ, ನಂದೇ ಬುದ್ಧಿ ಅಂದ್ಲು."

ಭೈರೇಶ ಕ್ಯಾಮೆರಾವನ್ನು ಅವನ ಕಡೆ ತಳ್ಳಿದ. "ಶಿವೂ, ನೀನೇ ನೋಡು ಮಗಾ. ಮೇಡಂ, ನಮ್ ಹುಡುಗ ಮೂತಿ ನೋಡಿ ಜಾತಕ ಹೇಳ್ತಾನೆ."

ಮೇಡಂ ನಕ್ಕರು. ಹೇಳಿಕೊಟ್ಟವನು ನಾನೇ ಎನ್ನಲು ಅವನಿಗೆ ಆ ನಗು ಮುಗಿಯುವಷ್ಟು ಹೊತ್ತಿತ್ತು. ಅವನು ಕ್ಯಾಮೆರಾ ಎತ್ತಿ ಬೆಳಕಿಗೆ ಹಿಡಿದ, ಗೊತ್ತಿದ್ದದ್ದನ್ನೇ ನೋಡುವವನಂತೆ.

"ಎಂಟು ಪಿನ್ನಿಂದು," ಎಂದ. "ಇಲ್ಲಿ ಆಗಲ್ಲ, ಮೇಡಂ. ಸರ್ವಿಸ್ ಸೆಂಟರಿಗೆ ತೋರ್ಸಿ."

ಸ್ಕೂಟಿ ಹೋಯಿತು. ಮುಂದಿನ ಭಾನುವಾರ ಶಿವಯೋಗಿ ಮೂಡಲಪಾಳ್ಯದ ಬಸ್ ಸ್ಟಾಪಿನಲ್ಲಿ ಇಳಿದು, ಅಂಜನಮ್ಮನ ಮನೆ ಯಾವುದೆಂದು ಮೂರು ಅಂಗಡಿಗಳಲ್ಲಿ ಕೇಳಿದ. ಮೂರನೆಯ ಅಂಗಡಿಯವನು, "ಯಾವ ಅಂಜನಮ್ಮ ಗುರು? ಇಲ್ಲಿ ಬೀದಿಗೊಬ್ರು ಅವ್ರೆ. ಏನ್ ಕೆಲಸ ಮಾಡ್ತಾರೆ?" ಎಂದ.

"ಬಸವೇಶ್ವರನಗರದಲ್ಲಿ ಮನೆಕೆಲಸ..." ಎಂದು ಶಿವಯೋಗಿ ಅರ್ಧಕ್ಕೆ ನಿಲ್ಲಿಸಿದ. ಅವಳು ಮಾಡುತ್ತಿದ್ದ ಆ ಕೆಲಸ ಈಗ ಇರಲಿಲ್ಲ.